ಹಿಮವಿಲ್ಲದ ನದಿಯ ಬೇಸಿಗೆ ಲೆಕ್ಕ

ಮುಂಗಾರು ಶುರುವಾಯಿತೆಂದರೆ ಹೊಸಪೇಟೆ, ಕಂಪ್ಲಿ ಕಡೆಯ ರೈತರು ಪತ್ರಿಕೆಯಲ್ಲಿ ಮೊದಲು ಹುಡುಕುವುದು ಟಿ.ಬಿ. ಡ್ಯಾಂನ ಮೂರು ಅಂಕಿಗಳನ್ನು. ಸಂಗ್ರಹ ಎಷ್ಟು ಟಿಎಂಸಿ, ಒಳಹರಿವು ಎಷ್ಟು ಕ್ಯುಸೆಕ್, ಹೊರಹರಿವು ಎಷ್ಟು? ಮುಂಗಾರಿನ ಭತ್ತ ನಾಟಿ ಮಾಡುವುದೋ ಬೇಡವೋ, ಎರಡನೇ ಬೆಳೆಗೆ ಕಾಲುವೆ ನೀರು ಸಿಕ್ಕೀತೋ ಇಲ್ಲವೋ ಎಂಬುದನ್ನು ಅನುಭವಿಗಳು ಈ ಮೂರರಿಂದಲೇ ಅಂದಾಜು ಮಾಡುತ್ತಾರೆ. ಹಿಮಾಲಯದ ಹಿಮನದಿ ಕರಗಿದರೆ ಕೆಳಗಿನ ನದಿಗೆ ಏನಾಗುತ್ತದೆ ಎಂಬ ಪ್ರಶ್ನೆಗೂ ಉತ್ತರ ಈ ಮೂರು ಅಂಕಿಗಳಲ್ಲೇ ಇದೆ. ಆ ಪ್ರಶ್ನೆಯನ್ನು ತುಂಗಭದ್ರೆಯ ದಡದಿಂದ ನೋಡುವುದಕ್ಕೆ ಒಂದು ಕಾರಣವೂ ಉಂಟು. ಹಿಮ ಪೂರ್ತಿ ಕರಗಿಹೋದ ಮೇಲೆ ಒಂದು ನದಿಯ ಬೇಸಿಗೆ ಹೇಗಿರುತ್ತದೆ ಎಂಬುದನ್ನು ಇಲ್ಲಿ ಈಗಲೇ ಕಾಣಬಹುದು.

ತುಂಗೆ ಮತ್ತು ಭದ್ರೆ ಹುಟ್ಟುವುದು ಪಶ್ಚಿಮಘಟ್ಟದ ವರಾಹ ಪರ್ವತದ ಗಂಗಾಮೂಲದಲ್ಲಿ. ಕೂಡ್ಲಿಯಲ್ಲಿ ಎರಡೂ ಸೇರಿ ಬಯಲಿಗಿಳಿಯುತ್ತವೆ. ಈ ನದಿಯ ಜಲಾನಯನದಲ್ಲಿ ಹಿಮ ಎಂಬುದೇ ಇಲ್ಲ, ಇರುವುದು ಮಳೆ ಮಾತ್ರ. ಆ ಮಳೆಯೂ ಸಮನಾಗಿ ಬೀಳುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಸುರಿದರೆ ಹೊಸಪೇಟೆಯಲ್ಲಿ ಅದರ ಹತ್ತನೆಯ ಒಂದು ಪಾಲೂ ಬೀಳುವುದಿಲ್ಲ. ಜಲಾಶಯದ ಮೇಲಿನ ಸುಮಾರು 28 ಸಾವಿರ ಚದರ ಕಿಲೋಮೀಟರ್ ಜಲಾನಯನದಲ್ಲಿ ನದಿಯನ್ನು ನಿಜವಾಗಿ ತುಂಬಿಸುವುದು ಮಲೆನಾಡಿನ ಕಿರಿದಾದ ಒಂದು ಪಟ್ಟಿ, ಅದೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಜುಲೈ-ಆಗಸ್ಟ್‌ನಲ್ಲಿ ಒಳಹರಿವು ಲಕ್ಷ ಕ್ಯುಸೆಕ್ ದಾಟುವ ದಿನಗಳಿರುತ್ತವೆ. ಮಳೆ ನಿಂತ ಮೇಲೆ ನದಿಗೆ ಉಳಿಯುವುದು ನೆಲದೊಳಗೆ ಇಂಗಿದ ನೀರಿನ ಒಸರು ಒಂದೇ. ಮಾರ್ಚ್ ಹೊತ್ತಿಗೆ ಆ ಒಸರೂ ಸೋಲುತ್ತದೆ. ಸಂಡೂರಿನ ಗುಡ್ಡಗಳ ನಡುವೆ ಹರಿದು ಭೀಮಗಂಡಿಯಲ್ಲಿ ಹೊರಬಿದ್ದು ದರೋಜಿ ಕೆರೆಯತ್ತ ಸಾಗುವ ನಾರಿಹಳ್ಳವನ್ನು ನೋಡಿದರೆ ಇದೇ ಕಥೆ ಇನ್ನೂ ಚುರುಕಾಗಿ ನಡೆಯುವುದು ಕಾಣುತ್ತದೆ. ಜಲಾನಯನ ಚಿಕ್ಕದಾದಷ್ಟೂ ಮಳೆಗೂ ಬತ್ತುವಿಕೆಗೂ ನಡುವಿನ ಅಂತರ ಕಡಿಮೆ.

ವಿಜಯನಗರದ ಕಾಲದ ಎಂಜಿನಿಯರುಗಳಿಗೆ ಈ ನದಿಯ ಗುಣ ಚೆನ್ನಾಗಿ ಗೊತ್ತಿತ್ತು. ಅವರು ಬಂಡೆಗಳ ನಡುವೆ ಕಲ್ಲು ಜೋಡಿಸಿ ತಗ್ಗಾದ ಅಣೆಕಟ್ಟೆಗಳನ್ನು ಕಟ್ಟಿ ನೀರನ್ನು ತುರ್ತಾ, ರಾಯ, ಬಸವಣ್ಣ, ಕಂಪ್ಲಿ ಕಾಲುವೆಗಳಿಗೆ ತಿರುಗಿಸಿದರು. ಹಂಪಿಯ ಬಂಡೆಗಳ ಸಂದಿನಲ್ಲಿ ಇವತ್ತಿಗೂ ಬಾಳೆ ಮತ್ತು ಕಬ್ಬು ಹಸಿರಾಗಿರುವುದಕ್ಕೆ ಆ ಕಾಲುವೆಗಳೇ ಕಾರಣ. ಆದರೆ ಅಣೆಕಟ್ಟೆ ಹರಿಯುವ ನೀರನ್ನು ತಿರುಗಿಸಬಲ್ಲದೇ ಹೊರತು ಕೂಡಿಡಲಾರದು. ನದಿಯಲ್ಲೇ ನೀರಿಲ್ಲದ ಏಪ್ರಿಲ್‌ನಲ್ಲಿ ಅದು ಕಾಲುವೆಗೆ ಏನನ್ನು ಕೊಟ್ಟೀತು? ಆಗಸ್ಟ್‌ನ ನೀರನ್ನು ಏಪ್ರಿಲ್‌ವರೆಗೆ ಹಿಡಿದಿಡುವ ಕೆಲಸ ಇಲ್ಲಿ ದೊಡ್ಡ ಪ್ರಮಾಣದಲ್ಲಿ ಶುರುವಾದದ್ದು 1953ರಲ್ಲಿ, 133 ಟಿಎಂಸಿ ಹಿಡಿಯುವ ತುಂಗಭದ್ರಾ ಜಲಾಶಯದಿಂದ.

ಹಿಮಾಲಯದ ನದಿಗಳಿಗೆ ಈ ಕೆಲಸವನ್ನು ಯಾರೂ ಕಟ್ಟದ ಜಲಾಶಯವೊಂದು ಮಾಡುತ್ತಿದೆ.

ಎತ್ತರದ ಜಲಾಶಯದ ಒಳಹರಿವು, ಹೊರಹರಿವು

ಹಿಮನದಿಯ ಮೇಲ್ಭಾಗದಲ್ಲಿ ಚಳಿಗಾಲದ ಹಿಮ ಪೂರ್ತಿ ಕರಗುವ ಮೊದಲೇ ಮರುವರ್ಷದ ಹಿಮ ಅದರ ಮೇಲೆ ಬೀಳುತ್ತದೆ. ಹೀಗೆ ಪದರದ ಮೇಲೆ ಪದರ ಕೂತು, ಒತ್ತಿ, ಗಟ್ಟಿ ಮಂಜುಗಡ್ಡೆಯಾಗಿ, ತನ್ನದೇ ಭಾರಕ್ಕೆ ನಿಧಾನವಾಗಿ ಇಳಿಜಾರಿನಲ್ಲಿ ಜರುಗುತ್ತದೆ. ಕೆಳಗಿನ ಬೆಚ್ಚಗಿನ ಭಾಗಕ್ಕೆ ಬಂದ ಗಡ್ಡೆ ಬೇಸಿಗೆಯಲ್ಲಿ ಕರಗಿ ಹಳ್ಳ ಸೇರುತ್ತದೆ. ಮೇಲೆ ಬೀಳುವ ಹಿಮ ಒಳಹರಿವು, ಕೆಳಗೆ ಕರಗುವ ನೀರು ಹೊರಹರಿವು, ನಡುವಿನ ಗಡ್ಡೆ ಸಂಗ್ರಹ. ಕೂಡುವ ಭಾಗಕ್ಕೂ ಕರಗುವ ಭಾಗಕ್ಕೂ ನಡುವೆ ಒಂದು ಗಡಿ ಇರುತ್ತದೆ. ಬೇಸಿಗೆಯ ಕೊನೆಯಲ್ಲಿ ನೋಡಿದರೆ ಗಡಿಯ ಮೇಲೆ ಬಿಳಿಯ ಹಿಮ ಉಳಿದಿರುತ್ತದೆ, ಕೆಳಗೆ ಬೂದುಬಣ್ಣದ ಗಡ್ಡೆ ಬಯಲಾಗಿರುತ್ತದೆ. ಆ ಗಡಿ ವರ್ಷದಿಂದ ವರ್ಷಕ್ಕೆ ಮೇಲೇರುತ್ತಿದ್ದರೆ ಒಳಹರಿವಿಗಿಂತ ಹೊರಹರಿವು ಹೆಚ್ಚಾಗಿದೆ ಎಂದರ್ಥ.

ಹಿಮನದಿ ಹಿಂದೆ ಸರಿಯುತ್ತಿದೆ ಎಂಬ ಸುದ್ದಿಗಳಲ್ಲಿ ಸಾಮಾನ್ಯವಾಗಿ ಹೇಳುವುದು ಅದರ ಮೂತಿ ಎಷ್ಟು ಮೀಟರ್ ಹಿಂದಕ್ಕೆ ಹೋಯಿತು ಎಂಬುದನ್ನು. ಗಂಗೋತ್ರಿ ಹಿಮನದಿಯ ಮೂತಿಯಾದ ಗೋಮುಖದ ಚಿತ್ರಗಳನ್ನು ಎಲ್ಲರೂ ನೋಡಿದ್ದಾರೆ. ನೀರಿನ ಲೆಕ್ಕಕ್ಕೆ ಆ ಅಳತೆ ಸಾಲದು. ಕಲ್ಲುಮಣ್ಣು ದಪ್ಪಗೆ ಹೊದ್ದ ಹಿಮನದಿಯಲ್ಲಿ ಮೂತಿ ಇದ್ದಲ್ಲೇ ಇದ್ದು, ಗಡ್ಡೆ ಮಾತ್ರ ಒಳಗೊಳಗೇ ತೆಳುವಾಗುತ್ತಾ ಹೋಗಬಹುದು. ಹತ್ತಾರು ವರ್ಷಗಳ ಹಿಂದಿನ ಹವೆಯ ಪರಿಣಾಮ ಮೂತಿಯಲ್ಲಿ ಈಗ ಕಾಣುತ್ತಿರಲೂಬಹುದು. ಜಲಾಶಯದಲ್ಲಿ ನೀರು ಎಷ್ಟಿದೆ ಎಂದು ತಿಳಿಯಲು ಹಿನ್ನೀರಿನ ಅಂಚನ್ನಷ್ಟೇ ನೋಡಿದರೆ ಆಳದ ಲೆಕ್ಕ ತಪ್ಪುತ್ತದೆ.

ಆದ್ದರಿಂದ ಸಂಶೋಧಕರು ಗಡ್ಡೆಯ ಮೇಲೆ ಹತ್ತಿ ಅಳೆಯುತ್ತಾರೆ. ಹಿಮಾಚಲದ ಲಾಹೌಲ್‌ನಲ್ಲಿ, ಚಂದ್ರಾ ನದಿಯ ಮೇಲ್ಕಣಿವೆಯಲ್ಲಿ ಛೋಟಾ ಶಿಗ್ರಿ ಎಂಬ ಹಿಮನದಿ ಇದೆ. ಉದ್ದ ಒಂಬತ್ತು ಕಿಲೋಮೀಟರ್, ಹರವು ಸುಮಾರು 15.5 ಚದರ ಕಿಲೋಮೀಟರ್. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ತಂಡ ಫ್ರೆಂಚ್ ವಿಜ್ಞಾನಿಗಳ ಜೊತೆಗೂಡಿ 2002ರಿಂದ ಇದನ್ನು ವರ್ಷ ತಪ್ಪದೆ ಅಳೆಯುತ್ತಾ ಬಂದಿದೆ. ಗಡ್ಡೆಯೊಳಗೆ ಆಳವಾದ ರಂಧ್ರ ಕೊರೆದು ಬಿದಿರಿನ ಗಳು ಇಳಿಬಿಡುತ್ತಾರೆ. ಮರುವರ್ಷ ಗಳು ಎಷ್ಟು ಹೊರಗೆ ಎದ್ದು ನಿಂತಿದೆಯೋ ಅಷ್ಟು ಗಡ್ಡೆ ಕರಗಿದೆ ಎಂದು ಲೆಕ್ಕ. ಮೇಲ್ಭಾಗದಲ್ಲಿ ಗುಂಡಿ ತೋಡಿ ಆ ವರ್ಷದ ಹಿಮದ ದಪ್ಪವನ್ನೂ ಸಾಂದ್ರತೆಯನ್ನೂ ಅಳೆಯುತ್ತಾರೆ. ಎರಡನ್ನೂ ನೀರಿನ ಆಳಕ್ಕೆ ಪರಿವರ್ತಿಸಿ ಕಳೆದರೆ ವರ್ಷದ ಲಾಭ ನಷ್ಟ ಸಿಗುತ್ತದೆ. ಇಲ್ಲಿ ಸಿಕ್ಕಿದ್ದು ನಷ್ಟ. ಸರಾಸರಿ ವರ್ಷಕ್ಕೆ, ಇಡೀ ಹಿಮನದಿಯ ಮೇಲೆ ಹರಡಿದರೆ, ಸುಮಾರು ಅರ್ಧ ಮೀಟರ್ ನೀರು.

ಕಾಲು ಟಿಎಂಸಿಯ ಕಥೆ

ಇದನ್ನು ಕಾಲುವೆ ಭಾಷೆಗೆ ತರೋಣ. 15.5 ಚದರ ಕಿಲೋಮೀಟರ್ ಮೇಲೆ ಅರ್ಧ ಮೀಟರ್ ಎಂದರೆ 77 ಲಕ್ಷ ಘನ ಮೀಟರ್ ಚಿಲ್ಲರೆ, ಅಂದರೆ ಕಾಲು ಟಿಎಂಸಿಗಿಂತ ತುಸು ಹೆಚ್ಚು. ಕರಗುವ ಕಾಲ ನೂರು ದಿನ ಎಂದು ಹಿಡಿದರೆ ಸುಮಾರು 30 ಕ್ಯುಸೆಕ್. ಚಂದ್ರಾ ನದಿಗೆ ಈ 30 ಕ್ಯುಸೆಕ್ ಬರುತ್ತಿರುವುದು ಒಳಹರಿವಿನಿಂದಲ್ಲ, ಹಳೆಯ ಸಂಗ್ರಹವನ್ನು ಕರಗಿಸಿದ್ದರಿಂದ. ಗಡ್ಡೆ ಇರುವವರೆಗೆ ಬರುವ ಇದು ಆಮೇಲೆ ನಿಂತುಹೋಗುತ್ತದೆ.

ಹಾಗಾದರೆ ಹಿಮನದಿ ಇಲ್ಲವಾದರೆ ನದಿಯೇ ಬತ್ತುತ್ತದೆಯೇ? ಇಲ್ಲ. ಲೆಕ್ಕ ಸುಲಭವಾಗಲೆಂದು, ಅಲ್ಲಿ ವರ್ಷಕ್ಕೆ ಬೀಳುವ ಹಿಮ ನೀರಿನ ಆಳದಲ್ಲಿ ಒಂದು ಮೀಟರ್, ಕರಗುವುದು ಒಂದೂವರೆ ಮೀಟರ್ ಎಂದು ಇಟ್ಟುಕೊಳ್ಳಿ. ಹೊರಹರಿವಿನ ಮೂರರಲ್ಲಿ ಎರಡು ಪಾಲು ಅದೇ ವರ್ಷ ಬಿದ್ದ ಹಿಮದಷ್ಟೇ ಆಯಿತು. ಗಡ್ಡೆ ಪೂರ್ತಿ ಹೋದ ಮೇಲೂ ಆಕಾಶದಿಂದ ಬೀಳುವುದು ಬಿದ್ದೇ ಬೀಳುತ್ತದೆ, ಹೊಳೆಗೆ ಸೇರಿಯೂ ಸೇರುತ್ತದೆ. ವರ್ಷದ ಒಟ್ಟು ನೀರಿನಲ್ಲಿ ಕಡಿಮೆಯಾಗುವುದು ಮೂರನೆಯ ಒಂದು ಪಾಲು.

ಏಟು ಬೀಳುವುದು ಒಟ್ಟು ಮೊತ್ತಕ್ಕಿಂತ ಹೆಚ್ಚಾಗಿ ತಿಂಗಳುಗಳ ಮೇಲೆ. ಚಳಿಗಾಲದ ತೆಳು ಹಿಮ ವಸಂತದ ಬಿಸಿಲಿಗೇ ಕರಗಲು ಶುರುವಾಗಿ ಬೇಸಿಗೆಯ ಮೊದಲ ಭಾಗದಲ್ಲೇ ಮುಗಿಯುತ್ತದೆ. ಅದು ಮುಗಿದ ಮೇಲೆ, ಜುಲೈ ನಂತರ, ಹೊಳೆಯನ್ನು ಹರಿಸುತ್ತಿದ್ದದ್ದು ಹಿಮನದಿಯ ಗಡ್ಡೆ. ಗಡ್ಡೆಯೇ ಇಲ್ಲವಾದಾಗ ವರ್ಷದ ಮೂರನೆಯ ಒಂದು ಪಾಲಿನ ನಷ್ಟ ಆ ಕೆಲವು ತಿಂಗಳುಗಳ ಮಟ್ಟಿಗೆ ಬಹುಪಾಲು ನಷ್ಟವಾಗುತ್ತದೆ. ಲಾಹೌಲ್ ಕೂಡ ಹೊಸಪೇಟೆಯ ಹಾಗೆಯೇ ಮಳೆನೆರಳಿನ ಸೀಮೆ. ಪೀರ್ ಪಂಜಾಲ್ ಶ್ರೇಣಿ ಮುಂಗಾರಿನ ಮೋಡಗಳನ್ನು ತಡೆಯುತ್ತದೆ. ಅಲ್ಲಿನ ಬಟಾಣಿ, ಆಲೂಗಡ್ಡೆ ಹೊಲಗಳಿಗೆ ಕೂಲ್ ಎಂಬ ಸಣ್ಣ ಕಾಲುವೆಗಳಲ್ಲಿ ಕರಗಿದ ನೀರು ಬರಬೇಕಾದ ಹೊತ್ತು ಸರಿಯಾಗಿ ಅದೇ. ಅಣೆಕಟ್ಟೆಯ ಹಾಗೆ ಕೂಲ್ ಕೂಡ ನೀರನ್ನು ತಿರುಗಿಸುತ್ತದೆಯೇ ಹೊರತು ಕೂಡಿಡುವುದಿಲ್ಲ.

ಮೊದಲು ಏರಿಕೆ, ಆಮೇಲೆ ಇಳಿಕೆ

ಹಿಮನದಿ ಕರಗಲು ಶುರುವಾದ ಕೂಡಲೇ ಕೆಳಗಿನ ರೈತನಿಗೆ ತೊಂದರೆ ಕಾಣುವುದಿಲ್ಲ. ಕಾಣುವುದು ಹೆಚ್ಚಿನ ನೀರು. ಹೊರಹರಿವು ಎರಡು ಸಂಗತಿಗಳ ಗುಣಲಬ್ಧ: ಒಂದು ಚದರ ಮೀಟರ್ ಗಡ್ಡೆ ಎಷ್ಟು ಕರಗುತ್ತದೆ, ಅಂಥ ಚದರ ಮೀಟರ್‌ಗಳು ಎಷ್ಟಿವೆ. ಹವೆ ಬಿಸಿಯಾದಂತೆ ಮೊದಲನೆಯದು ಹೆಚ್ಚುತ್ತದೆ, ಹಿಮನದಿ ಕುಗ್ಗಿದಂತೆ ಎರಡನೆಯದು ಕಡಿಮೆಯಾಗುತ್ತದೆ. ಆರಂಭದಲ್ಲಿ ಬಿಸಿ ಗೆಲ್ಲುತ್ತದೆ, ಹೊಳೆ ಏರುತ್ತದೆ. ಒಂದು ಹಂತ ದಾಟಿದ ಮೇಲೆ ಗಡ್ಡೆಯ ಹರವೇ ಸಾಲದೆ ಹೊಳೆ ಇಳಿಯತೊಡಗುತ್ತದೆ. ನಡುವಿನ ಆ ಶಿಖರವನ್ನು ದಾಟಿದ ನದಿ ಮತ್ತೆ ಹಳೆಯ ಮಟ್ಟಕ್ಕೆ ಬರುವುದಿಲ್ಲ.

ಪೆರು ದೇಶದ ಸಾಂತಾ ನದಿಯಲ್ಲಿ ಇದು ಆಗಿಹೋಗಿದೆ. ಆಂಡೀಸ್‌ನ ಕೊರ್ಡಿಯೇರಾ ಬ್ಲಾಂಕಾ ಶ್ರೇಣಿಯ ಹಿಮನದಿಗಳಿಂದ ಈ ನದಿಗೆ ಬರುವ ಉಪನದಿಗಳನ್ನು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಪರಿಶೀಲಿಸಿತು. ಅವುಗಳಲ್ಲಿ ಹೆಚ್ಚಿನವು ಶಿಖರ ದಾಟಿಯಾಗಿತ್ತು, ಒಣಗಾಲದ ಹರಿವು ಇಳಿಯುತ್ತಿತ್ತು. ಹಿಮಾಲಯದ ದೊಡ್ಡ ನದಿಗಳಿಗೆ ಈ ಶಿಖರ ಈ ಶತಮಾನದ ಮಧ್ಯಭಾಗದ ಆಸುಪಾಸಿನಲ್ಲಿ ಬರುತ್ತದೆ ಎಂಬುದು ಈಗಿನ ಅಂದಾಜು. ಸಣ್ಣ ಹಿಮನದಿಗಳನ್ನು ನಂಬಿದ ಕಣಿವೆಗಳಿಗೆ ಅದು ಮೊದಲೇ ಬರುತ್ತದೆ.

ಶಿಖರ ದಾಟಿದ್ದನ್ನು ಗುರುತಿಸುವುದು ಹೇಗೆ? ವರ್ಷದ ಒಟ್ಟು ಹರಿವನ್ನು ನೋಡಿದರೆ ತಿಳಿಯುವುದಿಲ್ಲ, ಮಳೆಯ ಏರಿಳಿತ ಅದನ್ನು ಮುಚ್ಚಿಬಿಡುತ್ತದೆ. ತಿಂಗಳವಾರು ನೋಡಬೇಕು. ವಸಂತದ ಹರಿವು ಹೆಚ್ಚುತ್ತಾ, ಬೇಸಿಗೆಯ ಕೊನೆಯ ಹರಿವು ಕುಸಿಯುತ್ತಾ ಇದ್ದರೆ ಅದು ಮೊದಲ ಗುರುತು. ಒಂದು ವರ್ಷಕ್ಕೂ ಇನ್ನೊಂದಕ್ಕೂ ನಡುವಿನ ಏರುಪೇರು ದೊಡ್ಡದಾಗುತ್ತಿದ್ದರೆ ಅದು ಎರಡನೆಯದು. ಹಿಮನದಿ ಮಾಡುವ ಬಹುಮುಖ್ಯ ಕೆಲಸ ಬಯಲಾಗುವುದು ಈ ಎರಡನೆಯ ಗುರುತಿನಲ್ಲಿ.

2023ರ ಬರದಲ್ಲಿ ತುಂಗಭದ್ರಾ ಜಲಾಶಯ ತುಂಬಲಿಲ್ಲ. ಮಳೆನದಿಯ ಸ್ವಭಾವವೇ ಅದು. ಹೊಲಕ್ಕೆ ನೀರು ಹೆಚ್ಚು ಬೇಕಾದ ವರ್ಷವೇ ನದಿಯಲ್ಲಿ ನೀರು ಕಡಿಮೆ. ಹಿಮನದಿಯದು ಇದಕ್ಕೆ ವಿರುದ್ಧ. ಮಳೆ-ಹಿಮ ಕಡಿಮೆಯಾದ ವರ್ಷ ಆಕಾಶ ತಿಳಿಯಾಗಿರುತ್ತದೆ, ಬಿಸಿಲು ಹೆಚ್ಚು. ಗಡ್ಡೆಯ ಮೇಲೆ ಬಿಳಿಯ ಹಿಮದ ಹೊದಿಕೆ ತೆಳುವಾಗಿ ಬೇಗ ಹೋಗುತ್ತದೆ. ಬಿಸಿಲನ್ನು ಹಿಂದಕ್ಕೆ ಚಿಮ್ಮಿಸುವ ಬಿಳಿ ಹೋಗಿ, ಹೀರಿಕೊಳ್ಳುವ ಕೊಳೆಯಾದ ಗಡ್ಡೆ ಮೇಲೆ ಬರುತ್ತದೆ. ಪರಿಣಾಮವಾಗಿ ಬರದ ವರ್ಷದಲ್ಲೇ ಹಿಮನದಿ ಹೆಚ್ಚು ನೀರು ಬಿಡುತ್ತದೆ. ಹಿಮ ಹೆಚ್ಚು ಬಿದ್ದು ಮೋಡ ಕವಿದ ವರ್ಷ ಅದು ನೀರನ್ನು ತಡೆದಿಟ್ಟುಕೊಳ್ಳುತ್ತದೆ. ಯಾವ ನೀರಾವರಿ ಸಲಹಾ ಸಮಿತಿಯ ಸಭೆಯೂ ಇಲ್ಲದೆ, ಬೇಕಾದಾಗ ಬಿಟ್ಟು ಬೇಡದಾಗ ತಡೆಯುವ ವ್ಯವಸ್ಥೆ ಇದು. ಗಡ್ಡೆ ಕುಗ್ಗಿದಂತೆ ಮೊದಲು ಸಡಿಲವಾಗುವುದು ಈ ವ್ಯವಸ್ಥೆಯೇ.

ಬೆಂಗಳೂರಿನಿಂದ ಅಳೆದ ಗಡ್ಡೆ

ಹಿಮಾಲಯದಲ್ಲಿ ಸಾವಿರಾರು ಹಿಮನದಿಗಳಿವೆ, ಎಲ್ಲದರ ಮೇಲೂ ಬಿದಿರಿನ ಗಳು ನೆಡಲಾಗದು. ಇಲ್ಲಿ ಉಪಗ್ರಹ ಬೇಕು. ಅನಿಲ್ ಕುಲಕರ್ಣಿಯವರ ತಂಡ ಭಾರತೀಯ ದೂರಸಂವೇದಿ ಉಪಗ್ರಹಗಳ ಚಿತ್ರಗಳನ್ನು 1962ರ ನಕ್ಷೆಗಳ ಜೊತೆ ಹೋಲಿಸಿ 2007ರಲ್ಲಿ ಪ್ರಕಟಿಸಿದ ಲೆಕ್ಕ ಹೆಸರುವಾಸಿಯಾದದ್ದು. ಚೀನಾಬ್, ಪಾರ್ವತಿ, ಬಸ್ಪಾ ಜಲಾನಯನಗಳ 466 ಹಿಮನದಿಗಳ ಒಟ್ಟು ಹರವು ಆ ಅವಧಿಯಲ್ಲಿ ಶೇ 21ರಷ್ಟು ಕುಗ್ಗಿತ್ತು. ಆಮೇಲೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದಲ್ಲಿ ಈ ಕೆಲಸವನ್ನು ಮುಂದುವರಿಸಿದರು. ಅಲ್ಲಿ ಎದುರಾದದ್ದು ಹರವಿಗಿಂತ ಕಷ್ಟದ ಪ್ರಶ್ನೆ. ಉಪಗ್ರಹ ಮೇಲ್ಮೈಯನ್ನು ನೋಡಬಲ್ಲದು, ಆಳವನ್ನು ಕಾಣಲಾರದು. ಆಳ ತಿಳಿಯದೆ ಸಂಗ್ರಹ ತಿಳಿಯುವುದಾದರೂ ಹೇಗೆ?

ಗಡ್ಡೆ ಜರುಗುವ ವೇಗದಲ್ಲಿ ಅವರಿಗೆ ದಾರಿ ಸಿಕ್ಕಿತು. ಒಂದೇ ಇಳಿಜಾರಿನಲ್ಲಿ ದಪ್ಪನೆಯ ಗಡ್ಡೆ ಬೇಗ ಜರುಗುತ್ತದೆ, ತೆಳುವಾದದ್ದು ನಿಧಾನ. ಬೇರೆ ಬೇರೆ ಕಾಲದ ಎರಡು ಉಪಗ್ರಹ ಚಿತ್ರಗಳಲ್ಲಿ ಮೇಲ್ಮೈಯ ಗುರುತುಗಳು ಎಷ್ಟು ಸರಿದಿವೆ ಎಂದು ನೋಡಿ ವೇಗ ತಿಳಿಯಬಹುದು. ಎತ್ತರದ ನಕ್ಷೆಯಿಂದ ಇಳಿಜಾರು ತಿಳಿಯಬಹುದು. ಎರಡನ್ನೂ ಗಡ್ಡೆಯ ಹರಿವಿನ ಸಮೀಕರಣಕ್ಕೆ ಹಾಕಿದರೆ ದಪ್ಪ ಹೊರಬರುತ್ತದೆ. 2014ರಲ್ಲಿ ಈ ವಿಧಾನದಿಂದ ಗಂಗೋತ್ರಿ ಹಿಮನದಿಯ ಗಡ್ಡೆ ಸುಮಾರು 23 ಘನ ಕಿಲೋಮೀಟರ್ ಎಂದು ಲೆಕ್ಕ ಹಾಕಲಾಯಿತು, ನಾಲ್ಕು ಘನ ಕಿಲೋಮೀಟರ್‌ನಷ್ಟು ಹೆಚ್ಚು ಕಡಿಮೆಗೆ ಅವಕಾಶವಿಟ್ಟು. ಮೇಲ್ಭಾಗದಲ್ಲಿ ದಪ್ಪ ಐನೂರು ಮೀಟರ್ ದಾಟಿದರೆ, ಮೂತಿಯ ಬಳಿ ಐವತ್ತು ಅರವತ್ತು ಮೀಟರ್ ಮಾತ್ರ. ಕರಗಿಸಿದರೆ 700 ಟಿಎಂಸಿಗೂ ಹೆಚ್ಚು ನೀರು, ಇವತ್ತಿನ ತುಂಗಭದ್ರಾ ಜಲಾಶಯದ ಸುಮಾರು ಏಳು ಪಟ್ಟು. ಡ್ಯಾಂ ವರ್ಷ ವರ್ಷವೂ ತುಂಬಿ ಖಾಲಿಯಾಗುತ್ತದೆ. ಗಂಗೋತ್ರಿಯ ಸಂಗ್ರಹ ಒಮ್ಮೆ ಖಾಲಿಯಾದರೆ ಮತ್ತೆ ತುಂಬಲು ತಂಪಾದ ಶತಮಾನಗಳು ಬೇಕು.

ಗಂಗೋತ್ರಿ ಇಷ್ಟು ದೊಡ್ಡದಾದರೂ ಅದು ಕರಗಿದರೆ ಗಂಗೆ ಬತ್ತುತ್ತದೆ ಎನ್ನುವುದು ಸರಿಯಲ್ಲ. ಅದು ಜೋರಾಗಿ ಕರಗುವ ಜುಲೈ, ಆಗಸ್ಟ್‌ನಲ್ಲೇ ಕೆಳಗಿನ ಬಯಲಿನಲ್ಲಿ ಮುಂಗಾರು ಸುರಿಯುತ್ತಿರುತ್ತದೆ. 2014ರ ಒಂದು ಅಂದಾಜಿನಂತೆ ಗಂಗೆಯ ಮೇಲ್ಜಲಾನಯನದ ಹರಿವಿನಲ್ಲಿ ಹಿಮನದಿಗಳ ಪಾಲು ಶೇ 12ರ ಆಸುಪಾಸು, ಸಿಂಧೂವಿನಲ್ಲಿ ಶೇ 40. ಬಯಲಿಗಿಳಿದಂತೆ ಗಂಗೆಯಲ್ಲಿ ಆ ಪಾಲು ಇನ್ನೂ ಕರಗುತ್ತದೆ. ಗಂಗೆಗೆ ಹಿಮನದಿಯ ನೆರವು ಮುಖ್ಯವಾಗಿ ಬೇಕಾಗುವುದು ಮುಂಗಾರಿಗೆ ಮೊದಲಿನ ಮೇ, ಜೂನ್‌ನಲ್ಲಿ, ಮತ್ತು ಮುಂಗಾರು ಕೈಕೊಟ್ಟ ವರ್ಷಗಳಲ್ಲಿ. ಸಿಂಧೂ ಮತ್ತು ಅದರ ಉಪನದಿಗಳು ಹರಿಯುವುದು ಒಣಸೀಮೆಯಲ್ಲಿ, ಅಲ್ಲಿ ಕಳೆದುಹೋದ ಗಡ್ಡೆಯ ನೀರನ್ನು ಮುಚ್ಚಿಕೊಡಲು ಬೇರೆ ಮಳೆ ಇಲ್ಲ.

ಡ್ಯಾಂ ಆ ಜಾಗ ತುಂಬಬಲ್ಲದೆ?

ಸಿಂಧೂವಿನ ಉಪನದಿ ಸಟ್ಲೆಜ್ ಮೇಲೆ ಭಾಕ್ರಾ ಜಲಾಶಯವಿದೆ, ಕಟ್ಟಿದಾಗಿನ ಸಾಮರ್ಥ್ಯ ಸುಮಾರು 330 ಟಿಎಂಸಿ. ಇಂಗಾಲದ ಹೊಗೆ ಈಗಿನಂತೆ ಏರುತ್ತಲೇ ಹೋದರೆ ಸಟ್ಲೆಜ್ ಜಲಾನಯನದ ಹಿಮನದಿಗಳ ಹರವಿನಲ್ಲಿ ಅರ್ಧಕ್ಕೂ ಹೆಚ್ಚು ಈ ಶತಮಾನದ ಮಧ್ಯಕ್ಕೆ, ಬಹುಪಾಲು ಶತಮಾನದ ಕೊನೆಗೆ ಇಲ್ಲವಾಗಬಹುದು ಎಂದು ದಿವೇಚಾ ಕೇಂದ್ರದ ತಂಡ 2019ರಲ್ಲಿ ಅಂದಾಜು ಮಾಡಿತು. ಆಗ ಸಟ್ಲೆಜ್ ಮೆಲ್ಲಗೆ ತುಂಗಭದ್ರೆಯ ಹಾಗಾಗುತ್ತದೆ. ಆಯಾ ವರ್ಷ ಬಿದ್ದದ್ದು ಆಯಾ ವರ್ಷವೇ ಬೇಗ ಹರಿದುಬಂದು, ಡ್ಯಾಂನಲ್ಲಿ ಹಿಡಿದಷ್ಟೇ ಉಳಿಯುವ ನದಿ. ಹಾಗಾಗಿ ಎಪ್ಪತ್ತು ವರ್ಷಗಳಿಂದ ಡ್ಯಾಂ ಒಂದನ್ನೇ ನಂಬಿ ಬೇಸಿಗೆ ಕಳೆದ ನದಿಯ ಅನುಭವ ಅಲ್ಲಿಗೆ ಉಪಯೋಗಕ್ಕೆ ಬರುತ್ತದೆ.

ಮೊದಲ ಪಾಠ ಹೂಳು. 133 ಟಿಎಂಸಿ ಇದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯ 2016ರ ಅಳತೆಯಲ್ಲಿ 105.788 ಟಿಎಂಸಿ. ವರ್ಷಕ್ಕೆ ಸರಾಸರಿ ಅರ್ಧ ಟಿಎಂಸಿಗೆ ಸ್ವಲ್ಪ ಕಡಿಮೆ ಜಾಗವನ್ನು ಮಣ್ಣು ನುಂಗಿದೆ. ಕಳೆದುಹೋದ ಈ ಜಾಗಕ್ಕೆ ಬದಲಾಗಿ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಮಾತು ವರ್ಷಗಳಿಂದ ನಡೆದಿದೆ. ಹಿಮನದಿಯ ಹೊಳೆಗಳಲ್ಲಿ ಹೂಳು ಇನ್ನೂ ಹೆಚ್ಚು. ಗಡ್ಡೆ ಜರುಗುವಾಗ ಬಂಡೆಯನ್ನು ಅರೆದು ಹಿಟ್ಟು ಮಾಡುತ್ತದೆ, ಹಿಂದೆ ಸರಿದಾಗ ಸಡಿಲ ಕಲ್ಲುಮಣ್ಣನ್ನು ಬಯಲಿಗೆ ಬಿಡುತ್ತದೆ. ಗಡ್ಡೆ ಕುಗ್ಗಿದ ಜಾಗದಿಂದ ಬರುವ ಆ ಮಣ್ಣು ಕೆಳಗಿನ ಡ್ಯಾಂನ ಸಾಮರ್ಥ್ಯವನ್ನೂ ಕುಗ್ಗಿಸುತ್ತದೆ.

ಎರಡನೆಯದು ಆವಿ. ಕೃಷ್ಣಾ ನ್ಯಾಯಮಂಡಳಿ ತುಂಗಭದ್ರಾ ಜಲಾಶಯದ ಬಳಕೆಯನ್ನು 230 ಟಿಎಂಸಿ ಎಂದು ಲೆಕ್ಕ ಹಿಡಿದಾಗ, ಅದರಲ್ಲಿ 18 ಟಿಎಂಸಿಯನ್ನು ಬರೀ ಆವಿಯಾಗುವ ನೀರಿಗೆ ಎಂದು ಬಿಟ್ಟಿತು. ರಾಯ ಮತ್ತು ಬಸವಣ್ಣ ಕಾಲುವೆಗಳಿಗೆ ಸಿಗುವ 7 ಟಿಎಂಸಿಯ ಎರಡೂವರೆ ಪಟ್ಟು ನೀರು ಹೀಗೆ ಬಿಸಿಲಿಗೆ ಹೋಗುತ್ತದೆ. ಎತ್ತರದಲ್ಲಿ ಗಡ್ಡೆಯಾಗಿ ಕೂತ ನೀರಿಗೆ ಇಷ್ಟು ದೊಡ್ಡ ಸುಂಕವಿಲ್ಲ.

ಮೂರನೆಯದು ಗೇಟು. 2024ರ ಆಗಸ್ಟ್ 10ರ ರಾತ್ರಿ ತುಂಬಿ ನಿಂತಿದ್ದ ಜಲಾಶಯದ 33 ಕ್ರೆಸ್ಟ್ ಗೇಟುಗಳ ಪೈಕಿ 19ನೆಯದು ಕೊಚ್ಚಿಹೋಯಿತು. ಸ್ಟಾಪ್‌ಲಾಗ್ ಇಳಿಸಿ ತಡೆಯುವಷ್ಟರಲ್ಲಿ ಹತ್ತಾರು ಟಿಎಂಸಿ ನೀರು ಹೊಳೆಗೆ ಹೋಗಿತ್ತು. ಆದರೂ ಆ ವರ್ಷ ಬೆಳೆ ಉಳಿಯಿತು, ಏಕೆಂದರೆ ಮಳೆಗಾಲ ಇನ್ನೂ ಬಾಕಿ ಇತ್ತು, ಜಲಾಶಯ ಮತ್ತೆ ತುಂಬಿತು. ಇದೇ ಅವಘಡ ಡಿಸೆಂಬರ್‌ನಲ್ಲಿ ಆಗಿದ್ದರೆ ಎರಡನೇ ಬೆಳೆಯ ಮಾತೇ ಇರುತ್ತಿರಲಿಲ್ಲ.

ಈ ಮೂರನ್ನೂ ಹಣ, ಹೂಳೆತ್ತುವಿಕೆ, ಹೊಸ ಗೇಟುಗಳಿಂದ ಒಂದಷ್ಟು ಸುಧಾರಿಸಬಹುದು. ಸುಧಾರಿಸಲಾಗದ್ದು ಇನ್ನೊಂದಿದೆ. ತುಂಗಭದ್ರೆಯಂಥ ಡ್ಯಾಂ ಒಂದು ಮಳೆಗಾಲದ ನೀರನ್ನು ಮುಂದಿನ ಬೇಸಿಗೆಗೆ ದಾಟಿಸುತ್ತದೆ, ಮೇ ತಿಂಗಳ ಹೊತ್ತಿಗೆ ತಳ ಮುಟ್ಟುತ್ತದೆ. ಒಂದು ಬರದ ವರ್ಷವನ್ನು ಹೇಗೋ ತಾಳಿಕೊಂಡೀತು, ಬೆನ್ನುಬೆನ್ನಿಗೆ ಎರಡು ಬರ ಬಂದರೆ ಅದರಲ್ಲಿ ಕೂಡಿಟ್ಟದ್ದು ಏನೂ ಇರುವುದಿಲ್ಲ. ಹಿಮನದಿ ಹತ್ತಾರು, ನೂರಾರು ವರ್ಷಗಳ ಹಿಂದಿನ ಹಿಮವನ್ನು ಇವತ್ತಿನ ಬರಕ್ಕೆ ತೆಗೆದುಕೊಡುತ್ತದೆ. ಭಾಕ್ರಾದ ನೀರು ಉಣ್ಣುವ ಪಂಜಾಬಿನ ರೈತ ನಾಳೆ ಕಳೆದುಕೊಳ್ಳುವುದು ಮುಖ್ಯವಾಗಿ ಎರಡನೆಯ ಬರದ ವರ್ಷಕ್ಕೆ ಇದ್ದ ಆ ಆಸರೆಯನ್ನು. ಕಂಪ್ಲಿಯ ರೈತನಿಗೆ ಅಂಥ ಆಸರೆ ಎಂದೂ ಇರಲಿಲ್ಲ. ಆದ್ದರಿಂದಲೇ ಇಲ್ಲಿ ಎರಡನೇ ಬೆಳೆಯ ನಿರ್ಧಾರ ಪ್ರತಿ ವರ್ಷವೂ ಆ ವರ್ಷದ ಸಂಗ್ರಹ ನೋಡಿಕೊಂಡೇ ಆಗುತ್ತದೆ. ಸಟ್ಲೆಜ್ ಬಯಲಿನಲ್ಲಿ ಬೆಳೆ ಯಾವುದು, ಎಷ್ಟು ಎಕರೆ ಎಂಬುದನ್ನು ಹಾಗೆಯೇ ನಿರ್ಧರಿಸಬೇಕಾದ ಕಾಲ ಹಿಮನದಿಗಳು ಮುಗಿಯುವ ಮೊದಲೇ, ಹೊಳೆ ಶಿಖರ ದಾಟಿದ ಕೂಡಲೇ ಶುರುವಾಗುತ್ತದೆ.